ನಿವೃತ್ತರಾಗುವ ಮುನ್ನ ಬರೆಯುವ ಎರಡು ಮೇಲ್

ಮೇ ತಿಂಗಳ ಕೊನೆಯ ದಿನ ನಮ್ಮ ಕಡೆಯ ಆಫೀಸುಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಗಳ ಓಡಾಟ ಬೇರೆ ತಿಂಗಳುಗಳಿಗಿಂತ ಹೆಚ್ಚು. ಅದಕ್ಕೊಂದು ಹಳೆಯ ಕಾರಣವಿದೆ. ಹುಟ್ಟಿದ ದಿನವನ್ನು ಬರೆದಿಡದ ಮನೆಗಳಿಂದ ಮಕ್ಕಳು ಶಾಲೆಗೆ ಬಂದಾಗ, ಶಾಲೆ ಶುರುವಾಗುವ ಲೆಕ್ಕ ನೋಡಿಕೊಂಡು ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಸರ್ಕಾರಿ ನೌಕರಿಯ ನಿಯಮದಂತೆ ನಿವೃತ್ತಿ ತಿಂಗಳ ಕೊನೆಯ ದಿನಕ್ಕೆ. ಒಂದನೇ ತಾರೀಕಿನಂದು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನಕ್ಕೆ. ಹಾಗಾಗಿ ಆ ಹೆಡ್‌ಮಾಸ್ತರರು ಬರೆದ ಒಂದು ತಾರೀಕಿನಿಂದ ಒಂದು ತಲೆಮಾರಿನ ಎಷ್ಟೋ ಮಂದಿ ಮೇ 31ರಂದೇ ಆಫೀಸಿನಿಂದ ಹೊರಬೀಳುತ್ತಾರೆ. ಅವತ್ತು ಮಧ್ಯಾಹ್ನದ ಹೊತ್ತಿಗೆ ಮೇಲ್‌ಬಾಕ್ಸಿನಲ್ಲಿ ‘ಧನ್ಯವಾದಗಳು’, ‘ವಿದಾಯ’ ಎಂಬ ತಲೆಬರಹದ ಮೇಲ್‌ಗಳು ಸಾಲಾಗಿ ಬಂದು ಕೂರುತ್ತವೆ.

ಇಪ್ಪತ್ತು ವರ್ಷ ಆಡಳಿತ ವಿಭಾಗದಲ್ಲಿ ಕೂತು ಇಂಥ ಮೇಲ್‌ಗಳನ್ನು ಓದಿದ್ದೇನೆ, ಕೆಲವನ್ನು ತಿದ್ದಿಕೊಟ್ಟಿದ್ದೇನೆ. ಮೂವತ್ತು ವರ್ಷ ದುಡಿದವರ ಕೊನೆಯ ಮಾತು ಓದಲಾಗದಷ್ಟು ಉದ್ದವಾಗಿಯೋ, ಯಾರು ಬರೆದರೂ ಹೀಗೇ ಇರುತ್ತದೆ ಅನ್ನಿಸುವಂತೆಯೋ ಇದ್ದಾಗ ನಿಜಕ್ಕೂ ಬೇಸರವಾಗುತ್ತದೆ. ಬರೆಯುವವರಿಗೆ ಭಾವನೆಯ ಕೊರತೆ ಇರುವುದಿಲ್ಲ. ಎಡವುವುದು ಬೇರೆ ಕಡೆ: ಸಹೋದ್ಯೋಗಿಗಳಿಗೂ ಗ್ರಾಹಕರಿಗೂ ಒಂದೇ ಮೇಲ್ ಬರೆಯುತ್ತಾರೆ.

ನಮ್ಮ ಭಾಷೆಯಲ್ಲಿ ಬೀಳ್ಕೊಡುವುದು ಬೇರೆ, ಬೀಳ್ಕೊಳ್ಳುವುದು ಬೇರೆ. ಉಳಿಯುವವರು ಬೀಳ್ಕೊಡುತ್ತಾರೆ, ಹೊರಡುವವರು ಬೀಳ್ಕೊಳ್ಳುತ್ತಾರೆ. ಶಾಲು ಹೊದಿಸಿ ಹೊಗಳುವುದು ಬೀಳ್ಕೊಡುವವರ ಕೆಲಸ. ಹೊರಡುವವರು ಬರೆಯುವ ಮೇಲ್‌ನಲ್ಲಿ ಹೊಗಳಿಕೆಗೆ, ಅದರಲ್ಲೂ ತಮ್ಮ ಸಾಧನೆಯ ಪಟ್ಟಿಗೆ, ಹೆಚ್ಚು ಜಾಗ ಬೇಕಿಲ್ಲ. ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಏನು ಹೇಳುತ್ತೇವೆ? ಗ್ಯಾಸ್ ಆರಿಸಿದೆ, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿದ್ದೇನೆ, ಬರ್ತೀನಿ. ಮೇಲ್‌ನ ಧಾಟಿ ಬಹುಮಟ್ಟಿಗೆ ಇಷ್ಟೇ.

ಒಂದು ಮೇಲ್ ತಯಾರಾದ ಬಗೆಯನ್ನು ಹೇಳುತ್ತೇನೆ. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯ ಮಾರಾಟ ವಿಭಾಗದ ಹಿರಿಯ ಮ್ಯಾನೇಜರೊಬ್ಬರು 2025ರ ಮೇ 31ರಂದು ನಿವೃತ್ತರಾಗುವವರಿದ್ದರು. ಕೆಲಸಕ್ಕೆ ಸೇರಿದ್ದು 1993ರಲ್ಲಿ. ಏಪ್ರಿಲ್ ಕೊನೆಯಲ್ಲಿ ತಮ್ಮ ಕರಡನ್ನು ನನ್ನ ಮುಂದಿಟ್ಟು, ‘ಸ್ವಲ್ಪ ನೋಡಿ, ಕಾಗುಣಿತ ಏನಾದರೂ ತಪ್ಪಿದ್ದರೆ ಹೇಳಿ’ ಅಂದರು. ಎರಡು ಪುಟ ಇತ್ತು. ‘ಭಾರವಾದ ಹೃದಯದಿಂದ’ ಎಂದು ಶುರುವಾಗಿ, ಮೊದಲ ದಿನ ಬಸ್ ತಪ್ಪಿಸಿಕೊಂಡ ಕಥೆ, ಐದು ಮಂದಿ ಮೇಲಧಿಕಾರಿಗಳ ಹೆಸರು, ಹೊಸ ಶೆಡ್ ಕಟ್ಟಿದ ವರ್ಷದ ನೆನಪು, ನಡುವೆ ‘ಕೆಲವರು ನನ್ನನ್ನು ಅರ್ಥ ಮಾಡಿಕೊಳ್ಳಲಿಲ್ಲ, ಇರಲಿ’ ಎಂಬ ಒಂದು ಸಾಲು, ಆಮೇಲೆ ಇಪ್ಪತ್ತಾರು ಜನರಿಗೆ ಹೆಸರು ಹೇಳಿ ಕೃತಜ್ಞತೆ. ಕಾರ್ಖಾನೆಯವರಿಗೂ ಡೀಲರುಗಳಿಗೂ ಇದನ್ನೇ ಕಳಿಸುವ ಯೋಚನೆ ಅವರದು.

ಓದಿ ಮುಗಿಸಿ, ‘ನೀವು ಹೋಗುವುದು ಯಾವತ್ತು ಅಂತ ಇದರಲ್ಲಿ ಎಲ್ಲಿದೆ ಸರ್?’ ಅಂದೆ. ಹುಡುಕಿದರು. ಇರಲಿಲ್ಲ. ಅವರ ಜಾಗಕ್ಕೆ ಯಾರು ಬರುತ್ತಾರೆ ಎಂಬುದೂ ಇರಲಿಲ್ಲ.

ಗ್ರಾಹಕನ ಕಡೆಯಿಂದ ಯೋಚಿಸಿ ನೋಡಿ. ಹುಬ್ಬಳ್ಳಿಯ ಡೀಲರಿಗೆ ವಾಪಸ್ ಕಳಿಸಿದ ಮಾಲಿನ ಬಾಬ್ತು ಕ್ರೆಡಿಟ್ ನೋಟ್ ಬರಬೇಕಿತ್ತು. ಕೊಯಮತ್ತೂರಿನ ಗಿರಣಿಯೊಂದಕ್ಕೆ ಆರ್ಡರಿನ ಅರ್ಧ ಮಾಲು ಹೋಗಿ, ಇನ್ನರ್ಧ ಜೂನ್ ಎರಡನೇ ವಾರಕ್ಕೆ ಹೋಗಬೇಕಿತ್ತು. ಇವರ ನಿವೃತ್ತಿಯ ಸುದ್ದಿ ಕಿವಿಗೆ ಬಿದ್ದ ದಿನವೇ ಹುಬ್ಬಳ್ಳಿಯವರು ಫೋನ್ ಮಾಡಿ, ‘ಅಲ್ರಿ ಸರ, ನೀವು ಹೋದ್ರ ನಮ್ಮ ಕ್ರೆಡಿಟ್ ನೋಟ್ ಯಾರು ನೋಡ್ತಾರ್ರಿ?’ ಎಂದು ಕೇಳಿದ್ದರು. ಅವರಿಗೆ ಈ ಮನುಷ್ಯನ ಮೇಲೆ ಪ್ರೀತಿ ಇದೆ, ಅದು ಸುಳ್ಳಲ್ಲ. ಆದರೆ ಆ ಪ್ರೀತಿ ಬೆಳೆದದ್ದೇ ಮಾತು ಕೊಟ್ಟ ದಿನಕ್ಕೆ ಮಾಲು ತಲುಪಿಸುತ್ತಿದ್ದ ಕಾರಣಕ್ಕೆ. ಕೊನೆಯ ಮೇಲ್‌ನಲ್ಲೂ ಅವರು ನೋಡುವುದು ಅದನ್ನೇ. ಇನ್ನು ಮುಂದೆ ಯಾರಿಗೆ ಫೋನ್ ಮಾಡಬೇಕು, ಅರ್ಧಕ್ಕೆ ನಿಂತ ಕೆಲಸದ ಗತಿಯೇನು, ದರದಲ್ಲಿ ಸಾಲದ ಅವಧಿಯಲ್ಲಿ ಏನಾದರೂ ಬದಲಾವಣೆ ಇದೆಯೇ.

ಹಾಗಾಗಿ ಕರಡನ್ನು ಎರಡಾಗಿ ಸೀಳಿದೆವು. ಗ್ರಾಹಕರದ್ದು ಮೊದಲು. ಹೊರರಾಜ್ಯದವರಿಗೆ ಇಂಗ್ಲಿಷಿನಲ್ಲೇ ಹೋಯಿತು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದವರಿಗೆ ಕನ್ನಡದಲ್ಲಿ ಬರೆದರು. ಹುಬ್ಬಳ್ಳಿಗೆ ಹೋದದ್ದು ಹೀಗಿತ್ತು:

‘ನಮಸ್ಕಾರ. ಇದೇ ಮೇ 31, ಶನಿವಾರ ನಾನು ಸೇವೆಯಿಂದ ನಿವೃತ್ತನಾಗುತ್ತಿದ್ದೇನೆ. ಜೂನ್ 1ರಿಂದ ನಿಮ್ಮ ಆರ್ಡರ್ ಮತ್ತು ಬಿಲ್‌ಗಳನ್ನು ನಮ್ಮ ವಿಭಾಗದ ಡೆಪ್ಯುಟಿ ಮ್ಯಾನೇಜರ್ ನೋಡಿಕೊಳ್ಳುತ್ತಾರೆ. ಅವರ ಹೆಸರು, ಆಫೀಸಿನ ಮೊಬೈಲ್ ನಂಬರ್ ಮತ್ತು ಮೇಲ್ ವಿಳಾಸ ಕೆಳಗಿದೆ. ಕಳೆದ ಎರಡು ವರ್ಷದಿಂದ ನಿಮ್ಮ ಡಿಸ್ಪ್ಯಾಚ್ ನೋಡುತ್ತಿರುವವರು ಅವರೇ, ಹಾಗಾಗಿ ನಿಮ್ಮ ಕಡೆಯ ಲೆಕ್ಕ ಅವರಿಗೆ ಹೊಸದಲ್ಲ. ಈ ಮೇಲ್‌ನ ಪ್ರತಿ ಅವರಿಗೂ ಹೋಗಿದೆ.

ಮಾರ್ಚ್‌ನಲ್ಲಿ ನೀವು ವಾಪಸ್ ಕಳಿಸಿದ ಆರು ವಾಲ್ವ್‌ಗಳ ಕ್ರೆಡಿಟ್ ನೋಟ್ ಅಕೌಂಟ್ಸ್ ವಿಭಾಗದಲ್ಲಿದೆ. ಮೇ 20ರೊಳಗೆ ನಿಮ್ಮ ಕೈ ಸೇರುತ್ತದೆ. ಸೇರದಿದ್ದರೆ ನನಗೇ ಫೋನ್ ಮಾಡಿ, ಇನ್ನೂ ನಾನಿಲ್ಲೇ ಇರುತ್ತೇನೆ. ದರಪಟ್ಟಿ, ಸಾಲದ ಅವಧಿ ಯಾವುದೂ ಬದಲಾಗಿಲ್ಲ. ನಮ್ಮ ಬ್ಯಾಂಕ್ ಖಾತೆಯೂ ಬದಲಾಗಿಲ್ಲ. ನನ್ನ ಹೆಸರಿನಲ್ಲಾಗಲಿ ಹೊಸಬರ ಹೆಸರಿನಲ್ಲಾಗಲಿ ಖಾತೆ ಬದಲಾಗಿದೆ ಎಂದು ಮೇಲ್ ಬಂದರೆ, ಹಣ ಹಾಕುವ ಮೊದಲು ನಿಮ್ಮಲ್ಲಿ ಈಗಾಗಲೇ ಇರುವ ನಂಬರಿಗೆ ಫೋನ್ ಮಾಡಿ ಕೇಳಿ.

2019ರ ಮಳೆಯಲ್ಲಿ ರಸ್ತೆ ಕಟ್ಟಾಗಿದ್ದಾಗ ಲಾರಿ ಬರುವ ತನಕ ರಾತ್ರಿ ಹನ್ನೊಂದರವರೆಗೆ ಗೋಡೌನ್ ತೆರೆದಿಟ್ಟು ಕೂತಿದ್ದಿರಿ. ಅದನ್ನು ನಾನು ಮರೆತಿಲ್ಲ. ಇಷ್ಟು ವರ್ಷ ನಂಬಿ ವ್ಯವಹಾರ ಮಾಡಿದ್ದಕ್ಕೆ ಕೃತಜ್ಞ.’

ಇಷ್ಟೇ. ಮೊದಲ ಎರಡು ವಾಕ್ಯದಲ್ಲಿ ದಿನಾಂಕವೂ ಉತ್ತರಾಧಿಕಾರಿಯೂ ಬಂದುಬಿಟ್ಟವು. ಮೊಬೈಲಿನಲ್ಲಿ ಓದುವವರು ಅಲ್ಲಿಗೇ ನಿಲ್ಲಿಸಿದರೂ ಬೇಕಾದ್ದು ಸಿಕ್ಕಿರುತ್ತದೆ. ನೆನಪಿನ ಮಾತು ಕೊನೆಯಲ್ಲಿದೆ, ಅದೂ ಒಂದೇ. ಆದರೆ ಆ ಗೋಡೌನಿನ ರಾತ್ರಿ ಇವರಿಬ್ಬರಿಗೆ ಮಾತ್ರ ಸೇರಿದ್ದು. ‘ನಿಮ್ಮ ಅಮೂಲ್ಯ ಸಹಕಾರಕ್ಕೆ ಧನ್ಯವಾದಗಳು’ ಎಂಬ ಸಾಲನ್ನು ನಲವತ್ತು ಗ್ರಾಹಕರಿಗೂ ಕಳಿಸಬಹುದು, ಅದಕ್ಕೇ ಯಾರ ಮನಸ್ಸಿಗೂ ಅದು ನಾಟುವುದಿಲ್ಲ.

ಬ್ಯಾಂಕ್ ಖಾತೆಯ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದನ್ನು ಬರೆಯುವವರು ತೀರಾ ಕಡಿಮೆ. ಕಂಪನಿಗಳ ಮೇಲ್ ಬಳಸಿ ಹಣ ಹೊಡೆಯುವವರು ಇಂಥ ಹೊತ್ತಿಗಾಗಿ ಕಾಯುತ್ತಿರುತ್ತಾರೆ. ಹಳಬರು ಹೋದರು, ಹೊಸಬರ ದನಿ ಗ್ರಾಹಕರಿಗೆ ಇನ್ನೂ ಪರಿಚಯವಿಲ್ಲ. ಆ ಸಂದಿಯಲ್ಲಿ ಹೊಸಬರ ಹೆಸರಿನಲ್ಲೇ ಒಂದು ಮೇಲ್ ಬರುತ್ತದೆ. ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ ಇರುತ್ತದೆ, ಗಡಿಬಿಡಿಯಲ್ಲಿ ಓದುವವರ ಕಣ್ಣಿಗೆ ಬೀಳುವುದಿಲ್ಲ. ‘ಆಡಿಟ್ ಇರುವುದರಿಂದ ಈ ತಿಂಗಳ ಹಣವನ್ನು ಈ ಖಾತೆಗೆ ಹಾಕಿ’ ಎಂಬುದು ಅದರ ಸಾರ. ನಿವೃತ್ತರಾಗುವವರು ಮೊದಲೇ ಎಚ್ಚರಿಸಿದ್ದರೆ ಗ್ರಾಹಕ ಒಂದು ಫೋನ್ ಮಾಡಿ ಉಳಿದುಕೊಳ್ಳುತ್ತಾನೆ. ಅಕಸ್ಮಾತ್ ಹಣ ಹೋಗಿಯೇಬಿಟ್ಟರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಕಳಿಸುವುದು ಯಾವಾಗ ಎಂಬುದಕ್ಕೆ ಒಂದು ಕ್ರಮವಿದೆ. ಇವರು ಕಳಿಸಿದ್ದು ಮೇ 8ರಂದು, ಅಂದರೆ ಮೂರು ವಾರ ಮುಂಚೆ. ಅದಕ್ಕೂ ಮೊದಲು ಉತ್ತರಾಧಿಕಾರಿಯ ಹೆಸರು ಅಧಿಕೃತವಾಗಿ ಪ್ರಕಟವಾಗಿತ್ತು, ಮೇಲಧಿಕಾರಿ ಕರಡನ್ನು ನೋಡಿ ಒಪ್ಪಿದ್ದರು. ಈ ಎರಡು ಆಗದೆ ಗ್ರಾಹಕರಿಗೆ ಸುದ್ದಿ ಮುಟ್ಟಿಸಬಾರದು. ಹೆಸರು ಬದಲಾದರೆ ತಿದ್ದುಪಡಿಯ ಮೇಲ್ ಕಳಿಸಬೇಕಾಗುತ್ತದೆ, ಗ್ರಾಹಕರಿಗೆ ಆ ಕಂಪನಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ. ತಡವಾದರೂ ಕಷ್ಟವೇ. ಕೊನೆಯ ದಿನ ಕಳಿಸಿದರೆ, ಗ್ರಾಹಕ ವಾಪಸ್ ಕೇಳುವ ಮೊದಲ ಪ್ರಶ್ನೆಗೆ ಉತ್ತರಿಸಲು ಇವರೇ ಇರುವುದಿಲ್ಲ. ಮೂರು ವಾರ ಇದ್ದರೆ ಹಳಬರೂ ಹೊಸಬರೂ ಒಟ್ಟಿಗೆ ಕೂತು ಒಂದೊಂದು ಫೋನ್ ಮಾಡಬಹುದು. ಹತ್ತು ಹನ್ನೆರಡು ಮುಖ್ಯ ಗ್ರಾಹಕರಿಗಂತೂ ಮೇಲ್‌ಗಿಂತ ಮೊದಲೇ ಫೋನಿನಲ್ಲಿ ಹೇಳಿಬಿಡಬೇಕು. ಇಪ್ಪತ್ತು ವರ್ಷದ ಒಡನಾಟವಿದ್ದವರು ಸುದ್ದಿಯನ್ನು ಮೇಲ್‌ನಲ್ಲಿ ಓದಿ ತಿಳಿದರೆ ನೊಂದುಕೊಳ್ಳುತ್ತಾರೆ, ಅದು ನ್ಯಾಯವೇ.

ಬಾಕಿ ಕೆಲಸ ಇದ್ದ ಹನ್ನೆರಡು ಗ್ರಾಹಕರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆ ಮೇಲ್ ಹೋಯಿತು. ಉಳಿದವರಿಗೆ ಬಾಕಿಯ ಪ್ಯಾರಾ ತೆಗೆದು ಒಂದೇ ಮೇಲ್, ವಿಳಾಸಗಳೆಲ್ಲ Bcc ಸಾಲಿನಲ್ಲಿ. ಇದನ್ನು ಮರೆತು ಎಲ್ಲರನ್ನೂ To ಸಾಲಿನಲ್ಲಿ ಹಾಕಿದರೆ ಒಬ್ಬ ಡೀಲರನ ವಿಳಾಸ ಅವನ ಪೈಪೋಟಿಯ ಡೀಲರನ ಕೈ ಸೇರುತ್ತದೆ. ಕಂಪನಿ ವರ್ಷಗಟ್ಟಲೆ ಕಾಪಾಡಿಕೊಂಡ ಗ್ರಾಹಕರ ಪಟ್ಟಿಯನ್ನು ಒಂದು ಒತ್ತಿನಲ್ಲಿ ಹಂಚಿದಂತಾಗುತ್ತದೆ. ಸಹೋದ್ಯೋಗಿಗಳ ಮೇಲ್‌ಗೂ Bcc ಒಳ್ಳೆಯದು. ಇಲ್ಲದಿದ್ದರೆ ‘ಶುಭವಾಗಲಿ ಸರ್’ ಎಂದು ಒಬ್ಬರು ಎಲ್ಲರಿಗೂ ಉತ್ತರಿಸುತ್ತಾರೆ, ಅವರನ್ನು ನೋಡಿ ಇನ್ನೊಬ್ಬರು, ಸಂಜೆಯ ಹೊತ್ತಿಗೆ ಮುನ್ನೂರು ಜನರ ಮೇಲ್‌ಬಾಕ್ಸ್ ತುಂಬಿರುತ್ತದೆ. Bcc ಹಾಕಿದರೆ ಉತ್ತರಗಳು ಹೊರಡುವವರಿಗೆ ಮಾತ್ರ ಬರುತ್ತವೆ. ಎಲ್ಲರ ಮುಂದೆ ಬರೆಯಲು ಹಿಂಜರಿಯುವವರು ಆಗ ಮನಸ್ಸು ಬಿಚ್ಚಿ ನಾಲ್ಕು ಸಾಲು ಬರೆಯುತ್ತಾರೆ.

ಈಗ ಎರಡನೆಯ ಮೇಲ್. ಸಹೋದ್ಯೋಗಿಗಳಿಗೆ ಬರೆಯುವಾಗ ಧಾಟಿ ಸಡಿಲವಾಗಬಹುದು, ಮನುಷ್ಯ ಕಾಣಿಸಬಹುದು. ಆದರೂ ನಮ್ಮ ಮ್ಯಾನೇಜರ ಆ ‘ಕೆಲವರು ನನ್ನನ್ನು ಅರ್ಥ ಮಾಡಿಕೊಳ್ಳಲಿಲ್ಲ’ ಎಂಬ ಸಾಲಿನ ಮೇಲೆ ನಾವಿಬ್ಬರೂ ಸುಮಾರು ಹೊತ್ತು ಮಾತಾಡಿದೆವು. ಅದರ ಹಿಂದೆ ನಿಜವಾದ ನೋವಿತ್ತು: ಒಂದು ಬಡ್ತಿ ತಪ್ಪಿತ್ತು. ನಾನು ಹೇಳಿದ್ದು ಇಷ್ಟು. ಆ ಸಾಲು ಓದಿದ ಮುನ್ನೂರು ಜನರೂ ‘ಆ ಕೆಲವರು ಯಾರು’ ಎಂದು ಹುಡುಕುತ್ತಾರೆ, ಮೇಲ್‌ನ ಉಳಿದದ್ದೆಲ್ಲ ಮರೆತುಹೋಗುತ್ತದೆ. ಆರೋಪ ಯಾರ ಮೇಲೆ ಎಂದು ಹೇಳದ ಕಾರಣ ತಪ್ಪಿಲ್ಲದವರಿಗೂ ಅದು ತಟ್ಟುತ್ತದೆ, ತಿರುಗಿ ಉತ್ತರ ಕೊಡಲು ಅವರಿಗೆ ದಾರಿಯಿಲ್ಲ. ನೋವನ್ನು ನುಂಗಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮಾನವ ಸಂಪನ್ಮೂಲ ವಿಭಾಗದವರು ಹೊರಡುವ ಮುನ್ನ ಕೂರಿಸಿ ಮಾತಾಡಿಸುತ್ತಾರಲ್ಲ, ಅಲ್ಲಿ ಹೆಸರು, ವರ್ಷ ಸಮೇತ ಹೇಳಿ. ಅವರು ಹಾಗೇ ಮಾಡಿದರು.

‘ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’ ಎಂಬುದು ನಮ್ಮಲ್ಲಿ ಬಾಯಿಪಾಠವಾಗಿರುವ ಮಾತು. ಸಹೋದ್ಯೋಗಿಗಳಿಗೆ ಬರೆದರೆ ಅದರಲ್ಲಿ ದೋಷವಿಲ್ಲ, ನಮ್ಮ ಸಂಸ್ಕಾರದಿಂದ ಬಂದದ್ದು. ಆದರೆ ಯಾರ ಮೇಲೆ ಕೂಗಾಡಿದ್ದು ನೆನಪಿದೆಯೋ ಅವರ ಹತ್ತಿರ ಹೋಗಿ ಒಂದು ಕಪ್ ಕಾಫಿ ಕುಡಿದು ಹೇಳಿದರೆ ಅದಕ್ಕೆ ಬೆಲೆ ಬೇರೆ. ಗ್ರಾಹಕರ ಮೇಲ್‌ನಲ್ಲಿ ಮಾತ್ರ ಈ ಸಾಲು ಬೇಡವೇ ಬೇಡ. ಯಾವುದೋ ಮಾಲಿನ ಗುಣಮಟ್ಟದ ತಕರಾರು ನಡೆಯುತ್ತಿದ್ದರೆ, ತಪ್ಪು ಒಪ್ಪಿಕೊಂಡ ಪತ್ರವೆಂದು ಅದನ್ನೇ ತೋರಿಸಬಹುದು.

ಇಪ್ಪತ್ತಾರು ಹೆಸರಿನ ಪಟ್ಟಿಯನ್ನೂ ತೆಗೆದೆವು. ಪಟ್ಟಿ ಉದ್ದವಾದಷ್ಟೂ ಬಿಟ್ಟುಹೋದ ಒಂದು ಹೆಸರು ಹೆಚ್ಚು ಚುಚ್ಚುತ್ತದೆ. ‘ಇಷ್ಟು ಜನರಲ್ಲಿ ನಿಮಗೆ ಕೆಲಸ ಕಲಿಸಿದವರು ಯಾರು, ಏನು ಕಲಿಸಿದರು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸ್ಟೋರ್ಸ್‌ನಲ್ಲಿದ್ದ ಒಬ್ಬ ಹಿರಿಯರ ವಿಷಯ ತೆಗೆದರು. ಕೊನೆಗೆ ಮೇಲ್‌ನ ನಡುವಿನ ಪ್ಯಾರಾ ಹೀಗಾಯಿತು:

‘ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಎರಡಿಂಚಿನ ವಾಲ್ವ್ ಹೋಗಬೇಕಾದ ಕಡೆ ಒಂದೂವರೆ ಇಂಚಿನದು ಕಳಿಸಿಬಿಟ್ಟಿದ್ದೆ. ಸ್ಟೋರ್ಸ್‌ನ ಹಿರಿಯರು ಬೈಯಲಿಲ್ಲ. ಮರುದಿನದಿಂದ ಪ್ರತಿ ಪೆಟ್ಟಿಗೆ ಮುಚ್ಚುವ ಮೊದಲು ನನ್ನನ್ನು ಕರೆದು, ಅಳತೆ ಓದಿ ಹೇಳು ಅನ್ನುತ್ತಿದ್ದರು. ಆರು ತಿಂಗಳು ಹಾಗೆ ಮಾಡಿಸಿದರು. ಇವತ್ತಿಗೂ ಇನ್‌ವಾಯ್ಸ್ ಕಂಡರೆ ಅಳತೆಯನ್ನು ಬಾಯಿಬಿಟ್ಟು ಓದುತ್ತೇನೆ, ನನ್ನ ಪಕ್ಕದಲ್ಲಿ ಕೂತವರಿಗೆಲ್ಲ ಗೊತ್ತು.’

ಇದನ್ನು ಓದಿದವರಿಗೆ ಮನುಷ್ಯನೂ ಸಿಕ್ಕಿದ, ಕಾರ್ಖಾನೆಯೂ ಸಿಕ್ಕಿತು. ಪಕ್ಕದಲ್ಲಿ ಕೂರುತ್ತಿದ್ದವರು ನಕ್ಕಿರುತ್ತಾರೆ. ಒಂದು ಘಟನೆ ಸಾಕು. ಹತ್ತು ನೆನಪುಗಳನ್ನು ತಲಾ ಒಂದು ಸಾಲಿನಲ್ಲಿ ಓಡಿಸುವುದಕ್ಕಿಂತ ಒಂದನ್ನು ಐದು ಸಾಲಿನಲ್ಲಿ ಹೇಳಿದರೆ ಅದು ಉಳಿಯುತ್ತದೆ.

ಉಳಿದದ್ದೆಲ್ಲ ಚಿಕ್ಕದು. ಮೇ 31 ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ ಸೀಟಿನಲ್ಲಿರುತ್ತೇನೆ, ಬಂದು ಮಾತಾಡಿಸಿ; ಫೈಲುಗಳು ಯಾರ ಬಳಿ ಇವೆ; ನನ್ನ ಸ್ವಂತ ಮೊಬೈಲ್ ನಂಬರ್ ಇದು. ನಿವೃತ್ತಿಯ ದಿನಕ್ಕೂ ಕೊನೆಯ ಕೆಲಸದ ದಿನಕ್ಕೂ ವ್ಯತ್ಯಾಸವಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಬೇಕು. 2026ರಲ್ಲಿ ಮೇ 31 ಭಾನುವಾರ. ‘ಭಾನುವಾರ ನಿವೃತ್ತನಾಗುತ್ತಿದ್ದೇನೆ’ ಎಂದಷ್ಟೇ ಬರೆದರೆ, ಸೋಮವಾರ ಸಿಗಬಹುದು ಎಂದುಕೊಂಡವರಿಗೆ ಖಾಲಿ ಕುರ್ಚಿ ಕಾಣುತ್ತದೆ. ಕಳಿಸುವ ಹೊತ್ತು ಕೊನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರು. ಸಂಜೆ ಐದೂವರೆಗೆ ಕಳಿಸಿದರೆ ಆರು ಗಂಟೆಗೆ ಐಟಿಯವರು ಮೇಲ್ ಐಡಿ ಮುಚ್ಚಿರುತ್ತಾರೆ, ಬಂದ ಉತ್ತರಗಳನ್ನು ಓದುವವರೇ ಇರುವುದಿಲ್ಲ.

ಸ್ವಂತ ನಂಬರನ್ನು ಗ್ರಾಹಕರಿಗೂ ಕೊಡಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಕಂಪನಿಯನ್ನು ಕೇಳಿ ಕೊಡಬೇಕು. ಕೊಟ್ಟರೆ, ಆರ್ಡರಿನ ವಿಷಯಕ್ಕೆ ಹೊಸಬರನ್ನೇ ಸಂಪರ್ಕಿಸಿ ಎಂದು ಜೊತೆಗೇ ಬರೆಯಬೇಕು. ಇಲ್ಲದಿದ್ದರೆ ಗ್ರಾಹಕರು ಹಳೆ ರೂಢಿಯಲ್ಲಿ ಇವರಿಗೇ ಫೋನ್ ಮಾಡುತ್ತಾರೆ, ಹೊಸಬರ ಕಾಲು ಊರುವುದೇ ಇಲ್ಲ. ‘ಮುಂದೆ ಸಲಹೆಗಾರನಾಗಿ ಸಿಗುತ್ತೇನೆ’ ಎಂದು ಕಂಪನಿಯ ಮೇಲ್‌ನಿಂದ ಬರೆಯುವುದು ಸರಿಯಲ್ಲ. ಗ್ರಾಹಕರ ವಿಳಾಸಪಟ್ಟಿಯನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದಂತೂ ತಪ್ಪು, ಅದು ಕಂಪನಿಯ ಸೊತ್ತು.

ಮೇಲ್ ಐಡಿ ಮುಚ್ಚುವ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಭವಿಷ್ಯನಿಧಿ, ಬ್ಯಾಂಕ್, ವಿಮೆ, ಆದಾಯ ತೆರಿಗೆಯ ಖಾತೆಗಳಿಗೆ ಆಫೀಸಿನ ಮೇಲ್ ವಿಳಾಸವನ್ನೇ ಕೊಟ್ಟಿರುವವರು ಬಹಳ. ಅವನ್ನೆಲ್ಲ ಮುಂಚೆಯೇ ಸ್ವಂತ ವಿಳಾಸಕ್ಕೆ ಬದಲಿಸಿಕೊಳ್ಳಬೇಕು. ಹಿಂದಿನ ಆರ್ಥಿಕ ವರ್ಷದ ಫಾರ್ಮ್ 16 ಕೈಸೇರುವುದು ಸಾಮಾನ್ಯವಾಗಿ ಜೂನ್ ಮಧ್ಯದ ಹೊತ್ತಿಗೆ. ಮೇ 31ಕ್ಕೆ ಹೊರಟವರು ಸ್ವಂತ ಮೇಲ್ ವಿಳಾಸವನ್ನು ಅಕೌಂಟ್ಸ್ ವಿಭಾಗಕ್ಕೆ ಬರೆದುಕೊಡದಿದ್ದರೆ ಅದು ಮುಚ್ಚಿದ ಐಡಿಗೆ ಹೋಗುತ್ತದೆ.

ಹಳೆಯ ಐಡಿಗೆ ಎರಡು ಮೂರು ತಿಂಗಳಾದರೂ ತಾನಾಗಿಯೇ ಉತ್ತರ ಹೋಗುವಂತೆ ಐಟಿಯವರನ್ನು ಕೇಳಿ ಇಡಿಸಿಕೊಳ್ಳುವುದು ಒಳ್ಳೆಯದು. ‘ಇವರು ಮೇ 31ರಂದು ನಿವೃತ್ತರಾಗಿದ್ದಾರೆ, ದಯವಿಟ್ಟು ಇವರನ್ನು ಸಂಪರ್ಕಿಸಿ’ ಎಂಬ ಎರಡು ಸಾಲು ಸಾಕು. ವರ್ಷಕ್ಕೊಮ್ಮೆ ಮಾತ್ರ ಆರ್ಡರ್ ಕೊಡುವ ಗ್ರಾಹಕರಿರುತ್ತಾರೆ. ಮೇ ತಿಂಗಳ ಮೇಲ್ ಅವರ ಗಮನಕ್ಕೆ ಬಂದಿರುವುದಿಲ್ಲ.

ಮೇಲ್ ತಲುಪದವರೂ ಇದ್ದಾರೆ. ಲೇತ್ ನಡೆಸುವವರು, ಕ್ಯಾಂಟೀನಿನವರು, ಗೇಟಿನ ಸೆಕ್ಯುರಿಟಿ, ಡ್ರೈವರುಗಳು. ಕಾರ್ಖಾನೆಗಳಲ್ಲಿ ಇವರಿಗೆ ಕಂಪನಿಯ ಮೇಲ್ ಐಡಿ ಇರುವುದು ಅಪರೂಪ. ಇಷ್ಟು ವರ್ಷ ಬೆಳಗಿನ ಮೊದಲ ನಮಸ್ಕಾರ ಹೇಳಿದವರು ಮಾತ್ರ ಬೀಳ್ಕೊಳ್ಳುವ ಪತ್ರದಿಂದ ಹೊರಗುಳಿಯುವುದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ನಮ್ಮ ಮ್ಯಾನೇಜರು ಆ ವಾಲ್ವಿನ ಕಥೆಯನ್ನೇ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆದು ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಹಚ್ಚಿದರು. ಊಟದ ಹೊತ್ತಿನಲ್ಲಿ ಅದರ ಮುಂದೆ ಗುಂಪು ಸೇರಿತ್ತು. ಸ್ಟೋರ್ಸ್‌ನ ಆ ಹಿರಿಯರ ಜೊತೆ ಕೆಲಸ ಮಾಡಿದ್ದ ಒಬ್ಬರು ಹಾಳೆಯ ಕೆಳಗೆ ಪೆನ್ನಿನಿಂದ ‘ನನಗೂ ಹಾಗೇ ಕಲಿಸಿದ್ದರು’ ಎಂದು ಬರೆದಿದ್ದರು.

ಕ್ರೆಡಿಟ್ ನೋಟ್ ಮೇ 19ಕ್ಕೆ ಹುಬ್ಬಳ್ಳಿ ತಲುಪಿತು. ಜೂನ್ 2, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿಂದ ಹೊಸ ಆರ್ಡರಿನ ಫೋನ್ ಬಂತು. ಬಂದದ್ದು ಡೆಪ್ಯುಟಿ ಮ್ಯಾನೇಜರ ನಂಬರಿಗೆ.